ಫೇಸ್ ಫೇಲ್ಯೂರ್ ರಿಲೇಯ ಡೇಟಾಶೀಟ್ ಕನ್ನಡಕ್ಕೆ: ಭೋಸರಿಯಲ್ಲಿ ಮಾಡಿದ ಕೆಲಸದ ವಿವರ

ಪುಣೆಯ ಭೋಸರಿ ಎಂಐಡಿಸಿಯ ಒಂದು ಸಣ್ಣ ಕಾರ್ಖಾನೆ ಪಂಪ್‌ಸೆಟ್ ಸ್ಟಾರ್ಟರ್‌ಗಳಿಗೆ ಹಾಕುವ ಫೇಸ್ ಫೇಲ್ಯೂರ್ ರಿಲೇ ತಯಾರಿಸುತ್ತದೆ. ಮೂರು ಫೇಸುಗಳಲ್ಲಿ ಒಂದು ಹೋದರೆ, ಫೇಸುಗಳ ಕ್ರಮ ತಿರುಗಾಮುರುಗಾ ಆದರೆ, ಅಥವಾ ಬೋರ್‌ವೆಲ್‌ನಲ್ಲಿ ನೀರು ಇಳಿದುಹೋದರೆ ಇದು ಮೋಟರನ್ನು ಬಂದ್ ಮಾಡುತ್ತದೆ. ಮಾಲಿನ ದೊಡ್ಡ ಪಾಲು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹೋಗುವುದರಿಂದ ನಾಲ್ಕು ಪುಟದ ಇಂಗ್ಲಿಷ್ ಡೇಟಾಶೀಟ್ ಕನ್ನಡದಲ್ಲೂ ಬೇಕು ಎಂದರು. ಷರತ್ತು ಒಂದೇ: ಕೋಷ್ಟಕದ ಯಾವ ಅಂಕಿಯೂ, ಚಿಹ್ನೆಯೂ, ಮಿತಿಯೂ ಕದಲಕೂಡದು.

ಕೇಳಿದಾಗ ಸುಲಭದ ಮಾತು ಅನ್ನಿಸಿತು. ಅಂಕಿಗಳನ್ನು ಮುಟ್ಟದೆ ಪದಗಳನ್ನಷ್ಟೇ ಬದಲಿಸಿದರೆ ಮುಗಿಯಿತಲ್ಲ ಎಂದು. ಆದರೆ ಈ ಕೆಲಸದಲ್ಲಿ ಅಂಕಿಯನ್ನು ಯಾರೂ ಬೇಕೆಂದು ಬದಲಿಸುವುದಿಲ್ಲ. ಅಂಕಿಯ ಪಕ್ಕದ ಚಿಹ್ನೆ ಫಾಂಟಿನ ಜೊತೆ ಜಾರಿಹೋಗುತ್ತದೆ. ಇಲ್ಲವೇ ಅಂಕಿ ಇದ್ದಲ್ಲೇ ಇದ್ದು, ಅದರ ತಲೆಬರಹದ ಕನ್ನಡ ಅದರ ಅರ್ಥವನ್ನೇ ತಿರುಗಿಸಿಬಿಡುತ್ತದೆ. ನಮ್ಮ ಸಮಯದ ಮುಕ್ಕಾಲು ಭಾಗ ಹೋದದ್ದು ಈ ಎರಡಕ್ಕೇ.

ಮೊದಲು ಮೂಲದ ವಿಚಾರ. ಕಾರ್ಖಾನೆಯವರು ಕಳಿಸಿದ್ದು ಹಳೆಯ ವರ್ಡ್ ಫೈಲು, ಜೊತೆಗೊಂದು ಪಿಡಿಎಫ್. ವರ್ಡ್ ಫೈಲಿನ ಕೋಷ್ಟಕವನ್ನು ಪಠ್ಯವಾಗಿ ಹೊರತೆಗೆದಾಗ ನೀರಿನ ಮಟ್ಟ ನೋಡುವ ಎಲೆಕ್ಟ್ರೋಡಿನ ಸಾಲಿನಲ್ಲಿ ಹೀಗೆ ಬಂತು:

```
£ 500 mA
```

ಪಿಡಿಎಫ್‌ನಲ್ಲಿ ಅದೇ ಸಾಲು ಹೀಗಿದೆ:

```
≤ 500 µA
```

ನೀರಿನಲ್ಲಿ ಇಳಿಬಿಟ್ಟ ಎಲೆಕ್ಟ್ರೋಡಿನ ಮೂಲಕ ಹರಿಯುವ ಕರೆಂಟು ಮೈಕ್ರೋ ಆಂಪಿಯರ್‌ನಲ್ಲಿ ಇರುತ್ತದೆ. ಮಿಲಿ ಆದರೆ ಸಾವಿರ ಪಟ್ಟು. ಇದು ಯಾರೋ ತಪ್ಪಾಗಿ ಟೈಪ್ ಮಾಡಿದ್ದಲ್ಲ. ಆ ಕಾಲದಲ್ಲಿ ವಿಶೇಷ ಚಿಹ್ನೆ ಬೇಕಾದರೆ ಸಿಂಬಲ್ ಎಂಬ ಫಾಂಟಿನಿಂದ ತೆಗೆದು ಹಾಕುತ್ತಿದ್ದರು. ಆ ಫಾಂಟಿನಲ್ಲಿ m ಎಂಬ ಕೀಲಿಯ ಜಾಗದಲ್ಲಿ µ ಚಿತ್ರ ಕೂತಿರುತ್ತದೆ, W ಜಾಗದಲ್ಲಿ Ω. ಫೈಲಿನ ಒಳಗೆ ಇರುವುದು ಬರೀ ಜಾಗದ ಸಂಖ್ಯೆ, ಚಿತ್ರ ತೋರಿಸುವುದು ಫಾಂಟು. ಕನ್ನಡಕ್ಕೆಂದು ಇಡೀ ಪುಟದ ಫಾಂಟು ಬದಲಿಸಿದ ಕೂಡಲೇ ಆ ವೇಷ ಕಳಚಿ ಬೀಳುತ್ತದೆ. µ ಹೋಗಿ m, Ω ಹೋಗಿ W, ≤ ಹೋಗಿ £, ≥ ಹೋಗಿ ³, × ಹೋಗಿ ´ ಆಗುತ್ತವೆ. ± ಮತ್ತು ° ಮಾತ್ರ ಎರಡೂ ಕಡೆ ಒಂದೇ ಜಾಗದಲ್ಲಿ ಇರುವುದರಿಂದ ಬದುಕಿಕೊಳ್ಳುತ್ತವೆ. ಹಾಗಾಗಿ ಮೇಲ್ನೋಟಕ್ಕೆ ಪುಟ ಸರಿ ಇದೆ ಅನ್ನಿಸುತ್ತದೆ. ಕೆಲವು ಆವೃತ್ತಿಯ ವರ್ಡ್‌ನಲ್ಲಿ ಇವು m ಬದಲು ಖಾಲಿ ಚೌಕಗಳಾಗಿ ಬರುತ್ತವೆ. ನಮ್ಮ ಮಟ್ಟಿಗೆ ಚೌಕವೇ ವಾಸಿ, ಏಕೆಂದರೆ ಕಣ್ಣಿಗೆ ಹೊಡೆಯುತ್ತದೆ. £ ಕೂಡ ಹೊಡೆಯುತ್ತದೆ. ಆದರೆ ಅದರ ಪಕ್ಕದ m ಮಾತ್ರ ಸಭ್ಯವಾಗಿ ಕೂತು ಸುಳ್ಳು ಹೇಳುತ್ತದೆ, ಏಕೆಂದರೆ mA ಎಂಬುದೂ ನಿಜವಾದ ಮಾನವೇ. ಅದೇ ಪುಟದಲ್ಲಿ ಎಲೆಕ್ಟ್ರೋಡಿನ ಸೂಕ್ಷ್ಮತೆ 5…100 kΩ ಎಂದಿದ್ದದ್ದು 5…100 kW ಆಗಿತ್ತು. ಅದೂ ಓದಲು ಸರಾಗ.

ಹಾಗಾಗಿ ಪಠ್ಯವನ್ನು ನಂಬದೆ ಪಿಡಿಎಫ್‌ನ ಪುಟಗಳನ್ನು ದೊಡ್ಡದಾಗಿ ಮುದ್ರಿಸಿ, ಪ್ರತಿ ಚಿಹ್ನೆಯನ್ನೂ ಕಣ್ಣಿನಿಂದ ನೋಡಿ, ಫೈಲಿನಲ್ಲಿ ಸರಿಯಾದ ಯೂನಿಕೋಡ್ ಅಕ್ಷರವನ್ನೇ ಹೊಸದಾಗಿ ಹಾಕಿದೆವು. ಕೆಲಸ ಶುರುವಾಗುವ ಮುಂಚೆ ಯಾವ ಚಿಹ್ನೆಗೆ ಯಾವ ಸಂಕೇತ ಎಂದು ಒಂದು ಚೀಟಿ ಬರೆದುಕೊಂಡೆವು, ಏಕೆಂದರೆ ಒಂದೇ ರೀತಿ ಕಾಣುವವು ಎರಡೆರಡು ಇರುತ್ತವೆ:

```
Ω  U+03A9   (U+2126 ಬೇಡ)
µ  U+00B5   (U+03BC ಬೇಡ)
°  U+00B0   (º U+00BA ಬೇಡ)
−  U+2212   (- U+002D ಬೇಡ)
×  U+00D7   (x ಬೇಡ)
```

ಕಣ್ಣಿಗೆ ಒಂದೇ ಆದರೆ ಎರಡರಲ್ಲಿ ಯಾವುದಿದ್ದರೇನು ಎಂಬ ಪ್ರಶ್ನೆ ಸಹಜ. ಮುದ್ರಣಕ್ಕೆ ಅಷ್ಟೇನೂ ಅಲ್ಲ, ಹುಡುಕಾಟಕ್ಕೆ ಮತ್ತು ಕೊನೆಯ ತಾಳೆಗೆ ಬೇಕು. ಮೂಲದಲ್ಲಿ ಒಂದು Ω, ಅನುವಾದದಲ್ಲಿ ಇನ್ನೊಂದು ಇದ್ದರೆ ತಾಳೆ ನೋಡುವ ಪ್ರೋಗ್ರಾಮು ಅವನ್ನು ಬೇರೆ ಬೇರೆ ಎಂದೇ ಎಣಿಸುತ್ತದೆ. ಮೈನಸ್ ವಿಷಯ ಬೇರೆ. ಸಾಮಾನ್ಯ ಹೈಫನ್ ಹಾಕಿದರೆ ಸಾಲಿನ ತುದಿಯಲ್ಲಿ ಹೈಫನ್ ಉಳಿದು 5 °C ಕೆಳಗಿನ ಸಾಲಿಗೆ ಇಳಿಯಬಹುದು. ಮೈನಸ್ ಐದು ಡಿಗ್ರಿ ಬರೀ ಐದು ಡಿಗ್ರಿ ಆಗುತ್ತದೆ. ಅಂಕಿಗೂ ಮಾನಕ್ಕೂ ನಡುವೆ ಒಡೆಯದ ಜಾಗ, ಅಂದರೆ U+00A0, ಹಾಕುವುದೂ ಇದೇ ಕಾರಣಕ್ಕೆ.

ಘಾತಾಂಕಗಳದ್ದು ಇನ್ನೊಂದು ಕಥೆ. ಕಾಂಟ್ಯಾಕ್ಟಿನ ವಿದ್ಯುತ್ ಆಯಸ್ಸು 1×10⁵ ಬಾರಿ, ಯಾಂತ್ರಿಕ ಆಯಸ್ಸು 1×10⁷ ಬಾರಿ ಎಂದು ಮೂಲದಲ್ಲಿತ್ತು. ಪಿಡಿಎಫ್‌ನಿಂದ ನಕಲು ಮಾಡಿದರೆ ಮೇಲೆ ಬರೆದ ಸಣ್ಣ ಅಂಕಿ ಕೆಳಗಿಳಿದು 105, 107 ಆಗುತ್ತದೆ. ನೂರೈದು ಬಾರಿ ಚಾಲೂ-ಬಂದ್ ಮಾಡಿದರೆ ಸತ್ತುಹೋಗುವ ರಿಲೇಯನ್ನು ಯಾರೂ ಕೊಳ್ಳುವುದಿಲ್ಲ. ಆದರೆ ಪ್ರೂಫ್ ನೋಡುವ ಮನುಷ್ಯನಿಗೆ 105 ಮತ್ತು 107 ಬೇರೆ ಬೇರೆ ಅಂಕಿಗಳಾಗಿ ಸಹಜವಾಗಿಯೇ ಕಾಣುತ್ತವೆ. ಇದನ್ನು ಕನ್ನಡದಲ್ಲಿ ಒಂದು ಲಕ್ಷ, ಒಂದು ಕೋಟಿ ಎಂದು ಬಿಡಿಸಿ ಬರೆಯೋಣವೇ ಎಂಬ ಚರ್ಚೆಯೂ ಆಯಿತು. ಕೋಷ್ಟಕದಲ್ಲಿ ಬೇಡ ಎಂದು ನಿಂತೆವು. ವಿವರಣೆಯ ಪ್ಯಾರಾದಲ್ಲಿ ಮಾತ್ರ ಲಕ್ಷ, ಕೋಟಿ ಬರೆದೆವು.

ಕನ್ನಡ ಅಂಕಿಯ ಪ್ರಶ್ನೆಯೂ ಬಂತು. ಉತ್ತರ ಕರ್ನಾಟಕದ ಒಬ್ಬ ವಿತರಕರಿಗೆ ೪೧೫ ಎಂದೇ ಬೇಕಿತ್ತು. ಆಸೆ ಒಳ್ಳೆಯದೇ. ಆದರೆ ರಿಲೇಯ ಮೈಮೇಲಿನ ತಿರುಗುಗುಂಡಿಯ ಗುರುತುಗಳು, ಪಕ್ಕದ ಪ್ಲೇಟು, ವೈರ್‌ಮನ್ ಕೈಯಲ್ಲಿನ ಮಲ್ಟಿಮೀಟರು ಎಲ್ಲವೂ 415 ಎಂದೇ ತೋರಿಸುತ್ತವೆ. ಅದಲ್ಲದೆ ಆರು ಪಾಯಿಂಟಿನ ಅಕ್ಷರದಲ್ಲಿ ೬ ಮತ್ತು ೯ ಅವಳಿಗಳಂತೆ ಕಾಣುತ್ತವೆ. ವೋಲ್ಟೇಜಿನಲ್ಲಿ ಅಂಥ ಗೊಂದಲ ಬೇಡ.

ಇನ್ನು ತಲೆಬರಹಗಳು. ಈ ಡೇಟಾಶೀಟಿನಲ್ಲಿ ಮೂರು ಕೋಷ್ಟಕಗಳು. ಮೊದಲನೆಯದರಲ್ಲಿ ಸಾಧನ ಹಾಳಾಗದೆ ತಾಳಬಲ್ಲ ಕಟ್ಟಕಡೆಯ ಮಿತಿಗಳು, ಎರಡನೆಯದರಲ್ಲಿ ಅದು ಸರಿಯಾಗಿ ಕೆಲಸ ಮಾಡುವ ವ್ಯಾಪ್ತಿ, ಮೂರನೆಯದರಲ್ಲಿ ಆ ವ್ಯಾಪ್ತಿಯೊಳಗೆ ಅದು ಹೇಗೆ ವರ್ತಿಸುತ್ತದೆ ಎಂಬ ಅಳತೆಗಳು. ಮೊದಲ ಕರಡಿನಲ್ಲಿ ಮೊದಲೆರಡಕ್ಕೂ ನಾವು ಬರೆದದ್ದು ಒಂದೇ: ಗರಿಷ್ಠ ವೋಲ್ಟೇಜ್. ಒಂದರಲ್ಲಿ 500 V, ಇನ್ನೊಂದರಲ್ಲಿ 415 V, −20 %…+15 %. ಓದಿದವರು 500 V ತನಕ ಪಂಪು ಓಡಿಸಬಹುದು ಎಂದುಕೊಳ್ಳುತ್ತಾರೆ. ಮೂಲದ ಅರ್ಥ ಅದಲ್ಲ. 500 V ದಾಟಿದರೆ ರಿಲೇ ಶಾಶ್ವತವಾಗಿ ಕೆಡಬಹುದು, ಅಷ್ಟೇ. 500 V ಇದ್ದಾಗ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದು ಯಾರೂ ಹೇಳಿಲ್ಲ. ಎರಡನೇ ಕರಡಿನಲ್ಲಿ ಮೊದಲ ಕೋಷ್ಟಕ 'ತಾಳಿಕೆಯ ಕೊನೆಯ ಮಿತಿಗಳು' ಆಯಿತು, ಎರಡನೆಯದು 'ಕೆಲಸದ ವ್ಯಾಪ್ತಿ'. ಮೊದಲನೆಯದರ ಕೆಳಗೆ ಒಂದು ಸಾಲು: 'ಈ ಮಿತಿಗಳನ್ನು ಮೀರಿದರೆ ಸಾಧನ ಶಾಶ್ವತವಾಗಿ ಹಾಳಾಗಬಹುದು, ಇವು ಕೆಲಸದ ವ್ಯಾಪ್ತಿಯಲ್ಲ.'

ಇಲ್ಲೇ ಒಂದು ಉಪಕಾರದ ಮೋಹ ಕಾಡುತ್ತದೆ. −20 %…+15 % ಎಂಬುದನ್ನು ವೈರ್‌ಮನ್‌ಗೆ ಸುಲಭವಾಗಲಿ ಎಂದು ನಾವೇ ಲೆಕ್ಕ ಹಾಕಿ ಕೊಟ್ಟರೆ? 415ರ ಶೇಕಡಾ 80 ಎಂದರೆ 332, ಸರಿ. ಶೇಕಡಾ 115 ಎಂದರೆ 477.25. ಇದನ್ನು 477 ಎಂದು ಬರೆಯಬೇಕೋ, 475 ಎಂದೋ, 480 ಎಂದೋ? ಯಾವುದು ಬರೆದರೂ ಅದು ಕಾರ್ಖಾನೆ ಪರೀಕ್ಷಿಸಿ ಸಹಿ ಹಾಕಿದ ಅಂಕಿಯಲ್ಲ, ನಮ್ಮ ಅಂಕಿ. ಅನುವಾದಕ ಹುಟ್ಟಿಸಿದ ಅಂಕಿ ಡೇಟಾಶೀಟಿಗೆ ಹೊಕ್ಕರೆ ಮುಂದಿನ ಮುದ್ರಣದಲ್ಲಿ ಅದೇ ಮೂಲವಾಗಿಬಿಡುತ್ತದೆ. ಇದೇ ಕಾರಣಕ್ಕೆ 5 VA ಎಂಬುದನ್ನು ವ್ಯಾಟ್ ಮಾಡಲಿಲ್ಲ. ಇವು ಎರಡೂ ಒಂದೇ ಆಗುವುದು ಪವರ್ ಫ್ಯಾಕ್ಟರ್ ಒಂದು ಇದ್ದಾಗ ಮಾತ್ರ, ಅದು ಇಲ್ಲಿ ಎಷ್ಟೆಂದು ಡೇಟಾಶೀಟಿನಲ್ಲಿ ಇಲ್ಲ.

ಮೂರನೇ ಕೋಷ್ಟಕದ ಕಂಬಸಾಲುಗಳು ಕನಿಷ್ಠ, ಟಿಪಿಕಲ್, ಗರಿಷ್ಠ. ಕನಿಷ್ಠ, ಗರಿಷ್ಠಕ್ಕೆ ತಕರಾರಿಲ್ಲ. ನಡುವಿನದಕ್ಕೆ ಕನ್ನಡದಲ್ಲಿ ಏನು? 'ಸಾಮಾನ್ಯ' ಎಂದರೆ ಮಾಮೂಲಿ ಇಷ್ಟೇ ಇರುತ್ತದೆ ಎಂಬ ಭರವಸೆ ಹುಟ್ಟುತ್ತದೆ. 'ಸರಾಸರಿ' ಎಂದರೆ ಯಾರೋ ಕೂಡಿ ಭಾಗಿಸಿದ್ದಾರೆ ಎಂದಾಗುತ್ತದೆ. 'ಮಾದರಿ ಮೌಲ್ಯ' ಎಂದು ಬರೆದು ತೃಪ್ತಿಪಟ್ಟೆವು. ಒಂದು ದಿನ ಬಿಟ್ಟು ನೋಡಿದರೆ ಅದೇ ಪುಟದ ಮೇಲ್ಭಾಗದಲ್ಲಿ ರಿಲೇಯ ಮಾಡೆಲ್ ನಂಬರಿಗೂ 'ಮಾದರಿ' ಎಂದೇ ಬರೆದಿದ್ದೆವು. ಕೊನೆಗೆ 'ಟಿಪಿಕಲ್' ಎಂದು ಕನ್ನಡ ಲಿಪಿಯಲ್ಲಿ ಬಿಟ್ಟು, ಅಡಿಯಲ್ಲಿ 'ಟಿಪಿಕಲ್ ಅಂಕಿ ಅಂದಾಜಿಗಾಗಿ. ಖಾತರಿಯ ಮಿತಿಯಲ್ಲ' ಎಂದು ಸೇರಿಸಿದೆವು. ಅಚ್ಚಗನ್ನಡದ ಅಭಿಮಾನಿಗಳಿಗೆ ಇದು ಸೋಲು ಅನ್ನಿಸಬಹುದು. ಟ್ರಿಪ್ ವಿಳಂಬ ಟಿಪಿಕಲ್ 3 s, ಗರಿಷ್ಠ 5 s ಎಂದಿರುವ ಸಾಲಿನಲ್ಲಿ ವೈರ್‌ಮನ್ 5 ಎಂದೇ ಲೆಕ್ಕ ಹಿಡಿದರೆ ನಮಗೆ ಸಾಕು.

ಈ ವಿಳಂಬವನ್ನು ವಾಕ್ಯದಲ್ಲಿ ಬರೆಯುವಾಗ ಕನ್ನಡದ ವಿಭಕ್ತಿಯೇ ಕೈಕೊಟ್ಟಿತು. 'ಫೇಸ್ ಹೋದರೆ 5 ಸೆಕೆಂಡಿಗೆ ಟ್ರಿಪ್ ಆಗುತ್ತದೆ' ಎಂದರೆ ಐದನೇ ಸೆಕೆಂಡಿಗೆ ಸರಿಯಾಗಿಯೋ, ಐದರ ಒಳಗೋ, ಐದಾದ ಮೇಲೋ? ಮಾತಿನಲ್ಲಿ ಮೂರಕ್ಕೂ 'ಸೆಕೆಂಡಿಗೆ' ನಡೆಯುತ್ತದೆ. 'ಗರಿಷ್ಠ' ಎಂದಿದ್ದ ಕಡೆಯೆಲ್ಲ 'ಒಳಗೆ', ವಿಳಂಬದ ಕನಿಷ್ಠ ಮಿತಿ ಇದ್ದ ಕಡೆ 'ಕಳೆದ ನಂತರ' ಎಂದು ನಿಗದಿ ಮಾಡಿಕೊಂಡೆವು. ≤ ಇದ್ದಲ್ಲಿ 'ಮೀರಬಾರದು', < ಇದ್ದಲ್ಲಿ 'ಗಿಂತ ಕಡಿಮೆ'. 'ಮೇಲೆ', 'ವರೆಗೆ' ಎಂಬ ಎರಡು ಪದಗಳನ್ನು ಮಿತಿಯ ವಾಕ್ಯಗಳಿಂದ ಪೂರ್ತಿ ಹೊರಗಿಟ್ಟೆವು. 55 °C ವರೆಗೆ ಎಂದರೆ 55 ಸೇರಿತೋ ಇಲ್ಲವೋ ಎಂದು ಇಬ್ಬರು ಇಬ್ಬಗೆಯಾಗಿ ಓದುತ್ತಾರೆ.

ಮಾನದ ಬಾಲಕ್ಕೆ ಪ್ರತ್ಯಯ ಅಂಟಿಸುವುದೂ ಒಂದು ಕಿರಿಕಿರಿ. V ಎಂಬುದನ್ನು 'ವೋಲ್ಟ್' ಎಂದು ಓದಿದರೆ 'ನ', 'ವಿ' ಎಂದು ಓದಿದರೆ 'ಯ'. ಎರಡೂ ಒಂದೇ ಪುಟದಲ್ಲಿ ಬಂದಿದ್ದವು. ವಾಕ್ಯವನ್ನೇ ತಿರುಗಿಸಿ, ಅಂಕಿ-ಮಾನ ಕೊನೆಗೆ ಬರುವಂತೆ ಮಾಡಿದರೆ ಪ್ರತ್ಯಯದ ಹಂಗು ತಪ್ಪುತ್ತದೆ. 'ಸ್ಕ್ರೂ ಬಿಗಿ: 0.5 N·m'. ಎಲ್ಲಿ ತಪ್ಪಿಸಲಾಗಲಿಲ್ಲವೋ ಅಲ್ಲಿ ನಡುವೆ ಜಾಗ ಬಿಟ್ಟೆವು.

ಈ ಇಡೀ ಕೆಲಸದಲ್ಲಿ ಒಂದೇ ಒಂದು ಸಾಲು ನಿಜಕ್ಕೂ ಮೋಟರು ಸುಡುವಂಥದ್ದಾಗಿತ್ತು. ಅದರಲ್ಲಿ ಅಂಕಿಯೇ ಇರಲಿಲ್ಲ.

ರಿಲೇಯಲ್ಲಿ ಒಂದು ಚೇಂಜ್‌ಓವರ್ ಕಾಂಟ್ಯಾಕ್ಟು. ಟರ್ಮಿನಲ್ ನಂಬರು 11, 12, 14. 11 ಕಾಮನ್, 12 NC ಅಂದರೆ ನಾರ್ಮಲಿ ಕ್ಲೋಸ್ಡ್, 14 NO ಅಂದರೆ ನಾರ್ಮಲಿ ಓಪನ್. ಕರಡಿನಲ್ಲಿ NO ಎಂಬುದರ ಮುಂದೆ 'ಸಾಮಾನ್ಯವಾಗಿ ತೆರೆದಿರುವ', NC ಮುಂದೆ 'ಸಾಮಾನ್ಯವಾಗಿ ಮುಚ್ಚಿರುವ' ಎಂದು ಬರೆದಿದ್ದೆವು. ಪಠ್ಯಪುಸ್ತಕದ ಕನ್ನಡ, ತಪ್ಪೇನೂ ಕಾಣಲಿಲ್ಲ. ಭೋಸರಿಯಲ್ಲೇ ಪ್ಯಾನೆಲ್ ವೈರಿಂಗ್ ಮಾಡುವ, ಬಾಗಲಕೋಟೆ ಕಡೆಯ ಒಬ್ಬ ಹಿರಿಯರಿಗೆ ಕರಡು ತೋರಿಸಿದೆವು. ಅವರು ಬೆರಳಿಟ್ಟು ನಿಂತರು.

"ಸರ, ಸಾಮಾನ್ಯವಾಗಿ ಅಂದ್ರ ಯಾವಾಗ್ರಿ? ಪಂಪ್ ಚಾಲೂ ಇದ್ದಾಗೋ, ಬಂದ್ ಇದ್ದಾಗೋ?"

"ರಿಲೇಗೆ ಕರೆಂಟ್ ಇಲ್ಲದಾಗ, ಕಾಕಾ."

"ಅದನ್ನ ಬರೀರಲಾ ಮತ್ತ. ನಮ್ಮೂರಾಗ ಸಾಮಾನ್ಯ ಅಂದ್ರ ಮೂರೂ ಫೇಸ್ ಸರಿ ಇದ್ದು ಪಂಪ್ ಓಡಾಕತ್ತಿದ್ದ ಹೊತ್ತು. ಆವಾಗ ಹದಿನಾಲ್ಕು ಕೂಡಿರ್ತೈತಿ, ತೆರೆದಿರಂಗಿಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಈ ಬಗೆಯ ರಿಲೇ ಎಲ್ಲ ಸರಿ ಇದ್ದಾಗ ಒಳಗಿನ ಕಾಯಿಲ್ ಎಳೆದುಕೊಂಡಿರುತ್ತದೆ. ತೊಂದರೆಯಾದಾಗ, ಅಥವಾ ರಿಲೇಗೇ ಕರೆಂಟು ಬರದಾದಾಗ, ಬಿಟ್ಟುಬಿಡುತ್ತದೆ. ರಿಲೇ ಕೆಟ್ಟರೂ ಮೋಟರು ನಿಲ್ಲಲಿ ಎಂದೇ ಹಾಗೆ ಮಾಡಿರುತ್ತಾರೆ. ಆದ್ದರಿಂದ ದಿನವಿಡೀ, ಪಂಪು ಓಡುವಾಗ, 11-14 ಕೂಡಿರುತ್ತದೆ, 11-12 ಬಿಟ್ಟಿರುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಕಾಂಟ್ಯಾಕ್ಟನ್ನು ಬರೆಯುವುದು ಮಾತ್ರ ಕಾಯಿಲ್‌ಗೆ ಕರೆಂಟು ಇಲ್ಲದ ಸ್ಥಿತಿಯಲ್ಲಿ. NO ಎಂಬ ಹೆಸರಿನ ಮೊದಲ ಪದ ಆ ಸ್ಥಿತಿಯನ್ನು ಸೂಚಿಸುತ್ತದೆಯೇ ಹೊರತು ದಿನನಿತ್ಯದ ಸ್ಥಿತಿಯನ್ನಲ್ಲ. ನಮ್ಮ 'ಸಾಮಾನ್ಯವಾಗಿ' ದಿನನಿತ್ಯವನ್ನೇ ಸೂಚಿಸುತ್ತದೆ. ಅದನ್ನು ನಂಬಿದ ವೈರ್‌ಮನ್ 'ಪಂಪ್ ಓಡುವಾಗ ಮುಚ್ಚಿರುವ ಕಾಂಟ್ಯಾಕ್ಟ್ ಬೇಕು' ಎಂದು 12ಕ್ಕೆ ಕಾಂಟ್ಯಾಕ್ಟರ್ ಕಾಯಿಲಿನ ವೈರು ಹಾಕಿದರೆ, ಫೇಸು ಸರಿ ಇದ್ದಾಗ ಪಂಪು ಏಳುವುದಿಲ್ಲ, ಒಂದು ಫೇಸು ಹೋದಾಗ ಏಳಲು ಒದ್ದಾಡುತ್ತದೆ. ಎರಡೇ ಫೇಸಿನಲ್ಲಿ ಗುಂಯ್‌ಗುಡುತ್ತಾ ನಿಂತ ಮೋಟರಿನ ವೈಂಡಿಂಗು ಸುಡಲು ಬಹಳ ಹೊತ್ತು ಬೇಡ.

'ತೆರೆದ', 'ಮುಚ್ಚಿದ' ಎಂಬವೂ ಕನ್ನಡದಲ್ಲಿ ಉಲ್ಟಾ ಹೊಡೆಯುತ್ತವೆ. ನಲ್ಲಿ ತೆರೆದರೆ ನೀರು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಸರ್ಕ್ಯೂಟು ತೆರೆದರೆ ಕರೆಂಟು ನಿಲ್ಲುತ್ತದೆ. ಕಾಕಾ ಬಳಸಿದ 'ಕೂಡಿರ್ತೈತಿ' ಎಂಬ ಮಾತಿಗೆ ಆ ಅಪಾಯವಿಲ್ಲ. ಎರಡು ತಗಡು ಕೂಡಿದವು, ಬಿಟ್ಟವು, ಅಷ್ಟೇ. ಅಂತಿಮ ಪ್ರತಿಯಲ್ಲಿ NO, NC, COM ಇಂಗ್ಲಿಷ್ ಅಕ್ಷರದಲ್ಲೇ ಉಳಿದವು, ಏಕೆಂದರೆ ರಿಲೇಯ ಮೈಮೇಲೆ ಹಾಗೇ ಅಚ್ಚಾಗಿದೆ. ಅವುಗಳ ಮುಂದೆ ಎರಡು ಸಾಲು:

'11-14: ಮೂರೂ ಫೇಸ್ ಸರಿ ಇದ್ದಾಗ ಕೂಡಿರುತ್ತದೆ. ತೊಂದರೆ ಆದಾಗ, ರಿಲೇಗೆ ಕರೆಂಟ್ ಇಲ್ಲದಾಗ ಬಿಡುತ್ತದೆ.
11-12: ಇದರ ವಿರುದ್ಧ.'

ಇದು ಮೂಲದಲ್ಲಿ ಇಲ್ಲದ ವಾಕ್ಯ. ಹಾಗಾಗಿ ಅದನ್ನು ಕಾರ್ಖಾನೆಯ ಎಂಜಿನಿಯರ್‌ಗೆ ಕಳಿಸಿ, ಅವರು ಒಂದು ರಿಲೇಯ ಮೇಲೆ ಮೀಟರಿಟ್ಟು ನೋಡಿ ಒಪ್ಪಿದ ಮೇಲೆಯೇ ಸೇರಿಸಿದೆವು. ಅವರಿಗೆ ಕಳಿಸಿದ ಚೀಟಿಯಲ್ಲೇ ಮೂಲದ್ದೇ ಒಂದು ತಪ್ಪನ್ನೂ ಕೇಳಿದೆವು. ಮೊದಲ ಪುಟದ ವಿವರಣೆಯಲ್ಲಿ ಕೆಲಸದ ಉಷ್ಣತೆ 0 °C ಯಿಂದ ಎಂದಿತ್ತು, ಕೋಷ್ಟಕದಲ್ಲಿ −5 °C…+55 °C. ಯಾವುದು ಸರಿ ಎಂದು ಊಹಿಸುವುದು ನಮ್ಮ ಕೆಲಸವಲ್ಲ. ಪುಟ, ಸಾಲು, ಎರಡೂ ಅಂಕಿ ಬರೆದು ಕಳಿಸಿದರೆ ಅವರೇ ಉತ್ತರ ಕೊಡುತ್ತಾರೆ. ಕೋಷ್ಟಕವೇ ಸರಿ ಎಂದು ಬಂತು. ಇಂಗ್ಲಿಷ್ ಪ್ರತಿಯನ್ನೂ ಅವರು ತಿದ್ದಿಕೊಂಡರು.

ಅನುವಾದ ಮಾಡುವ ಸಾಫ್ಟ್‌ವೇರಿನ ನೆನಪು-ಕಡತ ಬಳಸುವವರಿಗೆ ಒಂದು ಮಾತು: NO ಎಂಬ ಕೋಶಕ್ಕೆ ಅದು ಸಲೀಸಾಗಿ 'ಇಲ್ಲ' ಎಂದು ತುಂಬುತ್ತದೆ. ಹಳೆಯ ಯಾವುದೋ ಪ್ರಶ್ನಾವಳಿಯ ಉತ್ತರ ಅಲ್ಲಿ ಕೂತಿರುತ್ತದೆ. NC ಕೂಡ ಹಾಗೇ. ರಿಲೇಯಲ್ಲಿ ಅದು ಕಾಂಟ್ಯಾಕ್ಟಿನ ಹೆಸರು, ಐಸಿಯ ಪಿನ್ ಕೋಷ್ಟಕದಲ್ಲಿ ಅದೇ ಎರಡಕ್ಷರಕ್ಕೆ ಏನೂ ಜೋಡಿಸದ ಪಿನ್ ಎಂದರ್ಥ. ಕೋಶ ನೋಡಿ ಅನುವಾದ ಮಾಡಿದರೆ ಸಾಲದು, ಕೋಷ್ಟಕ ನೋಡಬೇಕು.

ಪುಟ ಕೂಡಿಸುವಾಗ ಮೂರು ಎಚ್ಚರ ಬೇಕಾದವು. ಮುದ್ರಣಾಲಯದಲ್ಲಿ ಮೊದಲು ಹಳೆಯ, ಯೂನಿಕೋಡ್ ಅಲ್ಲದ ಕನ್ನಡ ಫಾಂಟು ಹಾಕಲು ಹೊರಟಿದ್ದರು. ಅಂಥ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳು ಕೂತಿರುತ್ತವೆ. ಕೋಶವನ್ನು ಒಟ್ಟಿಗೆ ಆಯ್ದು ಫಾಂಟು ಹಾಕಿದರೆ mA, Hz ಎಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಸಿಂಬಲ್ ಫಾಂಟಿನ ರೋಗವೇ, ಬೇರೆ ಮುಖವಾಡದಲ್ಲಿ. ಯೂನಿಕೋಡ್ ಫಾಂಟು ಬೇಕೆಂದು ಹಟ ಹಿಡಿದೆವು. ಇನ್‌ಡಿಸೈನ್‌ನಲ್ಲಿ `Adobe World-Ready Paragraph Composer` ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಕೂಡುವುದಿಲ್ಲ, ಅದನ್ನೂ ಹಾಕಿಸಿದೆವು. ನಾವು ಬಳಸಿದ ಕನ್ನಡ ಫಾಂಟಿನಲ್ಲಿ Ω, ≤ ಇರಲಿಲ್ಲ. ಅಲ್ಲೆಲ್ಲ ತೆರೆಯ ಮೇಲೆ ಗುಲಾಬಿ ಬಣ್ಣದ ಪಟ್ಟಿ ಬಂತು. ಅಂಕಿ, ಮಾನ, ಚಿಹ್ನೆಗೆಲ್ಲ ಬೇರೆ ಒಂದೇ ಲ್ಯಾಟಿನ್ ಫಾಂಟನ್ನು ಕ್ಯಾರೆಕ್ಟರ್ ಸ್ಟೈಲ್ ಆಗಿ ಕಟ್ಟಿದ ಮೇಲೆ ಸರಿಹೋಯಿತು.

ಕೊನೆಯ ತಾಳೆಗೆ ಎರಡೂ ಭಾಷೆಯ ಕೋಷ್ಟಕಗಳನ್ನು ಸಾಲಿಗೆ ಸಾಲು ಹೊಂದುವ ಟ್ಯಾಬ್ ಫೈಲುಗಳಾಗಿ ತೆಗೆದು ಈ ಪುಟ್ಟ ಪ್ರೋಗ್ರಾಮು ಓಡಿಸಿದೆವು:

```python
import re
PAT = re.compile(r'\b(?:VA|V|mA|µA|A|Hz|kΩ|ms|s|mm²|N·m)\b'
                 r'|[0-9]+(?:[.,][0-9]+)*|[±−+<>≤≥%°×⁵⁷]')
en = open('en.tsv', encoding='utf-8').read().splitlines()
kn = open('kn.tsv', encoding='utf-8').read().splitlines()
assert len(en) == len(kn)
for i, (e, k) in enumerate(zip(en, kn), 1):
    if PAT.findall(e) != PAT.findall(k):
        print(i, e, k, sep='\n')
```

ಇಡೀ ಫೈಲಿನ ಅಂಕಿಗಳನ್ನು ಒಟ್ಟು ಎಣಿಸಿ ಹೋಲಿಸಿದರೆ ಸಾಲದು. ಎರಡು ಸಾಲು ಅದಲುಬದಲಾದರೂ ಒಟ್ಟು ಎಣಿಕೆ ಸರಿ ಇರುತ್ತದೆ. ಅದಕ್ಕೇ ಸಾಲು ಸಾಲಾಗಿ, ಬಂದ ಕ್ರಮದಲ್ಲೇ ಹೋಲಿಕೆ. ಕನಿಷ್ಠ, ಗರಿಷ್ಠ ಜಾಗ ಬದಲಿಸಿಕೊಂಡರೂ ಸಿಕ್ಕಿಬೀಳುತ್ತವೆ. `[0-9]` ಬದಲು `\d` ಬರೆಯಬೇಡಿ. ಪೈಥಾನ್‌ಗೆ ೫ ಕೂಡ `\d`, ಆಮೇಲೆ ಯಾರಾದರೂ ಅದನ್ನು `int` ಮಾಡಿ ಹೋಲಿಸಿದರೆ ೫ ಮತ್ತು 5 ಒಂದೇ ಎಂದು ದಾಟಿಹೋಗುತ್ತದೆ. `\b` ಇರುವುದರಿಂದ ಇನ್ನೊಂದು ಲಾಭ: 'Vಗಿಂತ' ಎಂದು ಅಂಟಿಸಿ ಬರೆದಿದ್ದರೆ V ಸಿಗದೆ ಆ ಸಾಲು ಹೊರಬರುತ್ತದೆ. ಹೈಫನ್ ಪಟ್ಟಿಯಲ್ಲಿ ಇಲ್ಲದ್ದರಿಂದ ಮೈನಸ್ ಜಾಗದಲ್ಲಿ ಹೈಫನ್ ನುಸುಳಿದ್ದರೂ ಹಾಗೇ.

ನಮ್ಮ ಮೊದಲ ಓಟದಲ್ಲಿ ಏಳು ಸಾಲು ಹೊರಬಂದವು. ನಾಲ್ಕು ಹೈಫನ್, ಎರಡು ಅಂಟಿಸಿದ ಪ್ರತ್ಯಯ. ಉಳಿದ ಒಂದರಲ್ಲಿ mm² ಹೋಗಿ mm2 ಆಗಿತ್ತು. ಈ ಪ್ರೋಗ್ರಾಮು ಮೂಲದ ಪಠ್ಯವನ್ನು ನಂಬುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಮೂಲದ ಪಠ್ಯದಲ್ಲೇ µ ಜಾರಿ m ಆಗಿದ್ದರೆ ಎರಡೂ ಕಡೆ m ನೋಡಿ ಸುಮ್ಮನಾಗುತ್ತದೆ. ಪಿಡಿಎಫ್‌ನ ಚಿತ್ರ ನೋಡಿ ಮೊದಲೇ ತಿದ್ದಿಕೊಳ್ಳದಿದ್ದರೆ ಇದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ.

ಆಮೇಲೆ ಇಬ್ಬರು ಕೂತು ಗಟ್ಟಿಯಾಗಿ ಓದುವ ತಾಳೆ. ಒಬ್ಬರು ಇಂಗ್ಲಿಷ್ ಪಿಡಿಎಫ್‌ನಿಂದ, ಇನ್ನೊಬ್ಬರು ಕನ್ನಡದ ಮುದ್ರಿತ ಪ್ರೂಫ್‌ನಿಂದ, 'ಮೈನಸ್ ಐದು ಡಿಗ್ರಿ', 'ಸೊನ್ನೆ ಪಾಯಿಂಟ್ ಐದು ನ್ಯೂಟನ್ ಮೀಟರ್' ಎಂದು ಚಿಹ್ನೆಯನ್ನೂ ಬಿಡದೆ. ನಾಲ್ಕು ಪುಟಕ್ಕೆ ನಲವತ್ತು ನಿಮಿಷ ಹಿಡಿಯಿತು. ಪ್ರೂಫ್ ತೆರೆಯ ಮೇಲಿನದಲ್ಲ, ಕಾಗದದ್ದೇ ಆಗಬೇಕು. ನಮ್ಮ ಕಾಗದದಲ್ಲೇ ಕೊನೆಯ ತಪ್ಪು ಸಿಕ್ಕಿತು. ಹಾಳೆಯನ್ನು ಮಡಚಿ ರಿಲೇಯ ಡಬ್ಬಿಯೊಳಗೆ ಇಡುತ್ತಾರೆ. ಎರಡನೇ ಮಡಿಕೆ ಸರಿಯಾಗಿ ಉಷ್ಣತೆಯ ಕೋಶದ ಎಡ ಅಂಚಿನ ಮೇಲೆ ಬೀಳುತ್ತಿತ್ತು. ಹತ್ತು ಸಲ ಬಿಚ್ಚಿ ಮಡಚಿದರೆ ಶಾಯಿ ಎದ್ದು −5 °C ಯ ಮೈನಸ್ ಗೆರೆ ಮಡಿಕೆಯ ಬಿಳಿಗೆರೆಯಲ್ಲಿ ಮಾಯವಾಗುತ್ತಿತ್ತು. ಕೋಷ್ಟಕವನ್ನು ನಾಲ್ಕು ಮಿಲಿಮೀಟರ್ ಬಲಕ್ಕೆ ಸರಿಸಿ, ಇನ್ನೊಮ್ಮೆ ಮಡಚಿ ಬಿಚ್ಚಿ ನೋಡಿ, ಅಚ್ಚಿಗೆ ಕೊಟ್ಟೆವು.